ವೈಟ್‌ಬೋರ್ಡ್ ಫೋಟೋದಿಂದ ಟಿಪ್ಪಣಿ: ಮೂರು ದಾರಿ, ಒಂದೇ ಫೋಟೋ

ತೀರ್ಥಹಳ್ಳಿ ಕಡೆ ನಡೆದ ಅಡಿಕೆ ಸಂಸ್ಕರಣೆ ಕಾರ್ಯಾಗಾರದಿಂದ ನನ್ನ ಕೈಗೆ ಬಂದದ್ದು ಬೋರ್ಡಿನ ಒಂದು ಫೋಟೋ ಮಾತ್ರ. ಕೆಳಗೆ ಒಂದು ಸಾಲು ವಿವರವೂ ಇರಲಿಲ್ಲ. ಬಾಕ್ಸ್‌ಗಳಲ್ಲಿ ಕೊನೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು, ವಿಂಗಡಿಸುವುದು, ಮಂಡಿ ಅಂತ ಬರೆದಿತ್ತು. ಬೇಯಿಸುವ ಬಾಕ್ಸಿನಿಂದ ‘ಚೊಗರು’, ಅಂದರೆ ಅಡಿಕೆ ಬೇಯಿಸಿ ಉಳಿದ ರಸ, ಅನ್ನೋ ಪದಕ್ಕೆ ಒಂದು ಬಾಣ, ಅಲ್ಲಿಂದ ಮತ್ತೆ ಅದೇ ಬಾಕ್ಸಿಗೆ ಇನ್ನೊಂದು. ವಿಂಗಡಿಸುವುದರಿಂದ ಒಣಗಿಸುವುದಕ್ಕೆ ಕೆಂಪು ಚುಕ್ಕಿಗಳ ಬಾಣ, ಅದರ ಮೇಲೆ ‘ಹಸಿ’. ಮೂಲೆಯಲ್ಲಿ ಸುತ್ತು ಹಾಕಿದ 7.

ಇದನ್ನು ಟಿಪ್ಪಣಿ ಮಾಡಲು ಮೊದಲು ನೋಡಿದ್ದು ಫೋಟೋದಿಂದ ಅಕ್ಷರ ಎತ್ತುವ ಆ್ಯಪ್. ಕೆಲಸ ಬೇಗ ಆಯಿತು, ಉಪಯೋಗ ಮಾತ್ರ ಕಡಿಮೆ. ಪದಗಳ ಪಟ್ಟಿ ಬಂತು, ಬಾಣ ಒಂದೂ ಬರಲಿಲ್ಲ. ಕನ್ನಡ ಕೈಬರಹದಲ್ಲಿ ಒತ್ತಕ್ಷರಗಳೂ ಕೆಟ್ಟವು. ಮುದ್ರಿತ ಹಾಳೆಗಾದರೆ ಇದೇ ಸಾಕು.

ಎರಡನೆಯದು, ಮೇಲಿಂದ ಕೆಳಗೆ ನೋಡುತ್ತಾ ಸುಮ್ನೆ ಟೈಪ್ ಮಾಡುವುದು. ಓದಲು ಚೆನ್ನಾಗಿರುತ್ತದೆ, ಅಪಾಯ ಇರುವುದೂ ಅಲ್ಲೇ. ‘ಬೇಯಿಸಿ, ಚೊಗರು, ಮತ್ತೆ ಬೇಯಿಸಿ’ ಅಂತ ಬರೆದರೆ ಒಂದೇ ಅಡಿಕೆಯನ್ನು ಎರಡು ಸಲ ಬೇಯಿಸಬೇಕು ಅಂತ ಓದುವವರು ತಿಳಿಯುತ್ತಾರೆ. ಬಾಣ ಹೇಳುವುದು ಬೇರೆ: ಬೇಯಿಸಿದಾಗ ಉಳಿದ ಚೊಗರನ್ನು ಮುಂದಿನ ಒಬ್ಬೆಗೆ, ಅಂದರೆ ಮುಂದಿನ ಸಲ ಬೇಯಿಸುವ ಅಡಿಕೆಗೆ, ಬಳಸಿ ಅಂತ.

ನನಗೆ ಹಿಡಿಸಿದ್ದು ಮೂರನೆಯದು. ಮೊದಲು ಬಾಕ್ಸ್‌ಗಳ ಪಟ್ಟಿ. ಆಮೇಲೆ ಪ್ರತಿ ಬಾಣಕ್ಕೂ ಒಂದು ಸಾಲು: ಎಲ್ಲಿಂದ, ಎಲ್ಲಿಗೆ, ಮೇಲೆ ಏನು ಬರೆದಿದೆ, ಯಾವ ಬಣ್ಣ. ಕೊನೆಗೆ ಗೊತ್ತಾಗದ್ದಕ್ಕೆಲ್ಲ ಬೇರೆ ಪಟ್ಟಿ. ಬರೆದ ಸಾಲುಗಳನ್ನೂ ಫೋಟೋದ ಬಾಣಗಳನ್ನೂ ಎಣಿಸಿ ನೋಡಿ. ಲೆಕ್ಕ ಸರಿಯಾಗದಿದ್ದರೆ ಯಾವುದೋ ಬಾಣ ಬಿಟ್ಟಿದೆ, ಇಲ್ಲವೇ ಎರಡು ಸಲ ಬರೆದಿದೆ ಅಂತ ಅರ್ಥ. ಒಂದು ವಿಷಯ: ಸ್ಕ್ಯಾನ್ ಆ್ಯಪ್‌ನಲ್ಲಿ ಓರೆಯಾದ ಫೋಟೋ ನೆಟ್ಟಗೆ ಮಾಡಿಕೊಳ್ಳಿ, ಆದರೆ ಕಪ್ಪು-ಬಿಳುಪು ಫಿಲ್ಟರ್ ಹಾಕಬೇಡಿ. ಇಲ್ಲಿ ಹಸಿ ಅಡಿಕೆ ವಾಪಸ್ ಹೋಗುವ ದಾರಿಗೆ ಮಾತ್ರ ಕೆಂಪು ಬಳಸಿದ್ದರು. ಬಣ್ಣ ಹೋದರೆ ಆ ಗುರುತೇ ಹೋಗುತ್ತದೆ, ಅಲ್ವಾ?

ಗೊತ್ತಾಗದ ಪಟ್ಟಿಯಲ್ಲಿ ಇದ್ದದ್ದು ಆ 7. ಏಳು ದಿನವೋ, ಏಳು ಆಳೋ? ಊಹಿಸಿ ಬರೆಯದೆ ಕಾರ್ಯಾಗಾರ ನಡೆಸಿದವರನ್ನೇ ಕೇಳಿದೆ. “ಏಳು ಬಿಸಿಲು ಮಾರಾಯ್ರೇ! ಮೋಡ ಹಾಕಿದ ದಿನ ಲೆಕ್ಕಕ್ಕಿಲ್ಲ” ಅಂದರು. ಒಣಗಿಸುವ ಬಾಕ್ಸಿಗೆ ಅದನ್ನು ಸೇರಿಸಿದೆ.

ಬಾಣಗಳ ಪಟ್ಟಿ ಕೈಯಲ್ಲಿದ್ದರೆ, ಟೈಪ್ ಮಾಡಿದ ಸಾಲುಗಳಿಂದಲೇ ಚಿತ್ರ ಬಿಡಿಸುವ ಮರ್ಮೇಯ್ಡ್‌ನಲ್ಲಿ ಚಿತ್ರ ಮಾಡುವುದು ಸುಲಭ. ಕೊನೆಯ ಭಾಗ ಹೀಗಿದೆ:

```
flowchart LR
  B["ಬೇಯಿಸುವುದು"] --> O["ಒಣಗಿಸುವುದು: 7 ಬಿಸಿಲು"]
  B --> C["ಚೊಗರು"]
  C -->|"ಮುಂದಿನ ಒಬ್ಬೆಗೆ"| B
  O --> A["ವಿಂಗಡಿಸುವುದು"]
  A -.->|"ಹಸಿ"| O
  A --> M["ಮಂಡಿ"]
```

ಇದಕ್ಕೂ ಒಂದು ಮಿತಿ ಇದೆ. ಬಾಕ್ಸ್ ಎಲ್ಲಿ ಕೂರಬೇಕು ಅಂತ ಮರ್ಮೇಯ್ಡ್ ತಾನೇ ತೀರ್ಮಾನಿಸುತ್ತದೆ. ಬೋರ್ಡಿನಲ್ಲಿ ಎಡಕ್ಕೆ ‘ತೋಟ’, ಬಲಕ್ಕೆ ‘ಅಂಗಳ’ ಅಂತ ಜಾಗಕ್ಕೇ ಅರ್ಥ ಇದ್ದರೆ ಅದನ್ನು `subgraph` ಅನ್ನೋ ಗುಂಪು ಹಾಕಿ ಬೇರೆಯಾಗಿ ಹೇಳಬೇಕು.