ಮೂರು ಹೀಟ್ ಸಿಂಕ್, ಒಂದು ಟ್ರಾನ್ಸಿಸ್ಟರ್: ನನಗೆ ಗುಜರಿಯದೇ ಸಾಕು

ಮನೆಯಲ್ಲೇ ಕಟ್ಟಿದ ಪವರ್ ಸಪ್ಲೈಯ ಟ್ರಾನ್ಸಿಸ್ಟರಿನ ಬಿಸಿಯನ್ನು ಗಾಳಿಗೆ ಬಿಡೋಕೆ ಮೊದಲು ಬೆಂಗಳೂರಿನ ಎಸ್.ಪಿ. ರೋಡಿನಿಂದ 60 ರೂಪಾಯಿಯ ಪುಟ್ಟ ಹೀಟ್ ಸಿಂಕ್ ತಂದಿದ್ದೆ. ಕರಿ ಬಣ್ಣ, ಟ್ರಾನ್ಸಿಸ್ಟರಿಗೆ ತೂತು ಮೊದಲೇ ಕೊರೆದಿತ್ತು. ನೋಡೋಕೆ ಚೆಂದ. ಇಪ್ಪತ್ತು ನಿಮಿಷದಲ್ಲಿ 2ಎನ್3055 ಟ್ರಾನ್ಸಿಸ್ಟರ್ ಒಳಗೇ ಶಾರ್ಟ್ ಆಗಿ, 5 ವೋಲ್ಟಿನ ಎಲ್‌ಇಡಿ ಪಟ್ಟಿಗೆ ನೇರವಾಗಿ 19 ವೋಲ್ಟ್ ಹೋಯಿತು. ಪಟ್ಟಿಯೂ ಸತ್ತಿತು.

ತಪ್ಪು ಅಂಗಡಿಯದಲ್ಲ, ನಾನು ಲೆಕ್ಕ ಹಾಕಿರಲಿಲ್ಲ. ಫಿಲ್ಟರ್ ಕೆಪಾಸಿಟರಿನ ಮೇಲೆ 19 ವೋಲ್ಟ್, ಔಟ್‌ಪುಟ್ 5 ವೋಲ್ಟ್, ಕರೆಂಟು 1.5 ಆಂಪಿಯರ್. ಮಧ್ಯದ 14 ವೋಲ್ಟನ್ನು ಟ್ರಾನ್ಸಿಸ್ಟರೇ ನುಂಗಬೇಕು: 14 × 1.5 = 21 ವ್ಯಾಟ್. ಔಟ್‌ಪುಟ್ ಕಡಿಮೆ ಇಟ್ಟಷ್ಟೂ ಬಿಸಿ ಜಾಸ್ತಿ. ನಾನು 12 ವೋಲ್ಟಿನಲ್ಲಿ ಪರೀಕ್ಷೆ ಮಾಡಿ 'ಪಾಸ್' ಅಂದುಕೊಂಡಿದ್ದೆ. ಅಲ್ಲಿ ಬರೀ ಹತ್ತೂವರೆ ವ್ಯಾಟ್.

ಆಮೇಲೆ ಇನ್ನೆರಡನ್ನು ತಂದು ಕೂರಿಸಿದೆ. ಒಂದು ಹಳೇ ಕಂಪ್ಯೂಟರಿನ ಫ್ಯಾನ್ ಇರುವ ಸಿಪಿಯು ಕೂಲರ್. ಇನ್ನೊಂದು ಗುಜರಿಯವನ ಹತ್ತಿರ ತೂಕಕ್ಕೆ ಸಿಕ್ಕ, ಕೆಟ್ಟ ಆಂಪ್ಲಿಫೈಯರಿನ ಸುಮಾರು ಒಂದು ಕೆಜಿಯ ರೆಕ್ಕೆ ಸಿಂಕ್. ಲೋಡಿಗೆ 3.3 ಓಮಿನ 10 ವ್ಯಾಟ್ ರೆಸಿಸ್ಟರ್. ಬಿಸಿ ಅಳೆಯೋಕೆ ಮಲ್ಟಿಮೀಟರಿನ ಜೊತೆ ಬರುವ ಕೆ-ಟೈಪ್ ತಂತಿ. ಹೊಳೆಯುವ ಲೋಹದ ಮೇಲೆ ಇನ್‌ಫ್ರಾರೆಡ್ ಗನ್ ಹಿಡಿದರೆ ಸುಳ್ಳು ಹೇಳುತ್ತದೆ, ಅದನ್ನು ಬಿಟ್ಟುಬಿಡಿ.

ಗುಜರಿ ಸಿಂಕಿನಲ್ಲಿ ನನ್ನ ತಲೆ ತಿಂದದ್ದು ಒಂದೇ ವಿಷಯ. ಕೋಣೆ 28 ಡಿಗ್ರಿ. ಒಂದೂಕಾಲು ಗಂಟೆ ಆದಮೇಲೆ ಸಿಂಕ್ 62ಕ್ಕೆ ನಿಂತಿತು. ಖುಷಿಯಾಯಿತು. ಸುಮ್ನೆ ಇರಲಾರದೆ ತಂತಿಯ ತುದಿಯನ್ನು ಟ್ರಾನ್ಸಿಸ್ಟರಿನ ಲೋಹದ ಅಂಚಿಗೆ ಟೇಪಿನಲ್ಲಿ ಒತ್ತಿ ಅಂಟಿಸಿದೆ. 104! ಪಕ್ಕಪಕ್ಕದ ಎರಡು ಲೋಹಗಳ ನಡುವೆ 42 ಡಿಗ್ರಿ ಅಂತರ.

ಬಿಚ್ಚಿ ನೋಡಿದೆ. ತೂತು ಕೊರೆದಾಗ ಅಂಚಿನಲ್ಲಿ ಕೂದಲೆಳೆಯಷ್ಟು ಅಲ್ಯೂಮಿನಿಯಂ ಎದ್ದು ನಿಂತಿತ್ತು. ಅದರ ಮೇಲೆ ಕರೆಂಟು ದಾಟದಂತೆ ತಡೆಯುವ ಮೈಕಾ ಹಾಳೆ, ಅದೂ ಒಣದು. ಟ್ರಾನ್ಸಿಸ್ಟರ್ ಒಂದು ಕಡೆ ಎತ್ತಿಕೊಂಡು ಕೂತಿತ್ತು. ದೊಡ್ಡ ಡ್ರಿಲ್ ಬಿಟ್ಟನ್ನು ಕೈಯಲ್ಲೇ ಹಿಡಿದು ತೂತಿನ ಅಂಚಿನಲ್ಲಿ ಎರಡು ಸುತ್ತು ತಿರುಗಿಸಿದೆ. ಬೆರಳು ಸವರಿದರೆ ಏನೂ ತಗುಲಬಾರದು. ಮೈಕಾದ ಎರಡೂ ಕಡೆ ಬಿಸಿ ದಾಟಿಸುವ ಬಿಳಿ ಪೇಸ್ಟನ್ನು ತೆಳ್ಳಗೆ ಬಳಿದೆ. ರೊಟ್ಟಿಗೆ ಬೆಣ್ಣೆ ಹಚ್ಚಿದ ಹಾಗೆ ದಪ್ಪ ಬೇಡ, ಸಂದು ತುಂಬಿದರೆ ಸಾಕು. ಟ್ರಾನ್ಸಿಸ್ಟರಿನ ಲೋಹದ ಮೈಯೇ ಆಗಿರುವ ಕಲೆಕ್ಟರಿಗೂ ಸಿಂಕಿಗೂ ಸಂಪರ್ಕ ಇಲ್ಲ ಅಂತ ಮೀಟರಿನಲ್ಲಿ ನೋಡಿ ಮತ್ತೆ ಕರೆಂಟು ಕೊಟ್ಟೆ. ಆ ಅಂಚು ಮೈಕಾವನ್ನು ಚುಚ್ಚಿಯೂ ಬಿಡಬಹುದು, ಅಲ್ವಾ.

ಈಗ ಟ್ರಾನ್ಸಿಸ್ಟರಿನ ಮೈ 73. ಸಿಂಕ್ ಮಾತ್ರ ಅದೇ 62! ಇದೇ ಮೋಸ. ಸಂದು ಚೆನ್ನಾಗಿರಲಿ ಬಿಡಲಿ, ಕೊನೆಗೆ ಅದೇ 21 ವ್ಯಾಟ್ ಸಿಂಕಿಗೆ ಇಳಿಯುತ್ತದೆ. ಹಾಗಾಗಿ ಸಿಂಕ್ ಮುಟ್ಟಿ ನೋಡಿದರೆ ಸಂದಿನ ತಪ್ಪು ಗೊತ್ತಾಗುವುದೇ ಇಲ್ಲ. ಒಳಗಿನ ಸಿಲಿಕಾನ್ ಚೂರಿಗೆ, ಅಂದರೆ ಜಂಕ್ಷನ್ನಿಗೆ, ಇನ್ನೂ ವ್ಯಾಟಿಗೆ ಒಂದೂವರೆ ಡಿಗ್ರಿಯಂತೆ 32 ಸೇರಿಸಿ. ಮೊದಲು 136 ಇದ್ದದ್ದು ಈಗ 105. ಈ ಟ್ರಾನ್ಸಿಸ್ಟರಿನ ಜಂಕ್ಷನ್ನಿನ ಮಿತಿ 200, ಆದರೆ ಅಂಚಿಗೆ ಹೋಗುವುದು ನನಗೆ ಬೇಡ.

ಅದೇ ಲೆಕ್ಕವನ್ನು ಪುಟ್ಟ ಸಿಂಕಿಗೆ ಹಾಕಿ. ಅದು ವ್ಯಾಟಿಗೆ ಸುಮಾರು 6 ಡಿಗ್ರಿ ಏರುತ್ತದೆ. ಸಿಂಕೇ 150 ದಾಟುತ್ತದೆ, ಜಂಕ್ಷನ್ 200ರ ಹತ್ತಿರ. ಸತ್ತದ್ದರಲ್ಲಿ ಆಶ್ಚರ್ಯ ಇಲ್ಲ. ಐದು ವ್ಯಾಟಿನ ಕೆಲಸಕ್ಕೆ ಅದು ಸಾಕು.

ಸಿಪಿಯು ಕೂಲರ್ ಅಂಕಿಯಲ್ಲಿ ಎಲ್ಲಕ್ಕಿಂತ ಮುಂದೆ. ಏರಿದ್ದು ಬರೀ 10 ಡಿಗ್ರಿ. ಆದರೆ ಟ್ರಾನ್ಸಿಸ್ಟರಿನ ಎರಡು ಕಾಲು ಇಳಿಯುವ ಕಡೆಯೇ ರೆಕ್ಕೆಗಳಿದ್ದವು. ಗರಗಸ ಹಿಡಿದು ಕತ್ತರಿಸುವುದರಲ್ಲಿ ಒಂದು ಭಾನುವಾರ ಹೋಯಿತು. ಫ್ಯಾನಿಗೆ ಬೇರೆ 12 ವೋಲ್ಟ್ ಕೊಡಬೇಕು. ಬೇಕೆಂದೇ ಫ್ಯಾನ್ ನಿಲ್ಲಿಸಿದೆ, ಹತ್ತು ನಿಮಿಷದಲ್ಲಿ ಇನ್ನೂ 25 ಡಿಗ್ರಿ ಏರಿತು. ನಮ್ಮ ಬೀದಿಯ ಧೂಳಿಗೆ ಆ ಫ್ಯಾನ್ ಎಷ್ಟು ದಿನ ತಿರುಗೀತು? ರಾತ್ರಿ ರೇಡಿಯೊ ರಿಪೇರಿ ಮಾಡುವವನಿಗೆ ಅದರ ಗುಂಯ್ ಸದ್ದೂ ಬೇಡ. ಮೂರು ಆಂಪಿಯರ್ ಎಳೆಯುವವರಾದರೆ ಅದನ್ನೇ ಕೊಳ್ಳಿ.

ಗುಜರಿ ಸಿಂಕನ್ನು ಪವರ್ ಸಪ್ಲೈ ಡಬ್ಬಿಯ ಹಿಂಬದಿಗೆ, ಹೊರಗೆ, ರೆಕ್ಕೆ ನೆಟ್ಟಗೆ ನಿಲ್ಲುವ ಹಾಗೆ ಹಾಕಿದ್ದೇನೆ. ಮಲಗಿಸಿದಾಗ 8 ಡಿಗ್ರಿ ಜಾಸ್ತಿ ತೋರಿಸಿತು. ರಾಯಚೂರಿನಲ್ಲಿರುವ ಭಾವನಿಗೂ ಇಂಥದ್ದೇ ಒಂದು ಕಟ್ಟಿಕೊಡಬೇಕು. ಅಲ್ಲಿ ಬೇಸಿಗೆಯಲ್ಲಿ ಕೋಣೆಯೇ 42 ಅಂದರೆ ಈ ಎಲ್ಲ ಅಂಕಿಗೂ 14 ಕೂಡಿಸಬೇಕು: ಸಿಂಕ್ 76, ಜಂಕ್ಷನ್ 119. ಟ್ರಾನ್ಸಿಸ್ಟರ್ ತಡೆಯುತ್ತದೆ. ಅವನ ಮಗಳು ಸಿಂಕ್ ಮುಟ್ಟದ ಹಾಗೆ ಒಂದು ಜಾಲರಿ ಮಾತ್ರ ಹಾಕಬೇಕು.