ರೊಟ್ಟಿ ಯಂತ್ರವೋ, ಬ್ಯಾಂಕ್ ಸಾಲವೋ: ಲಾಭವನ್ನು ಹೆಚ್ಚು ಅಲುಗಾಡಿಸುವುದು ಯಾವುದು?

ಜೋಳದ ರೊಟ್ಟಿ ಮಾರುವ ಒಂದು ಘಟಕವನ್ನು ಊಹಿಸಿಕೊಳ್ಳಿ. ತಿಂಗಳ ಮಾರಾಟ 5 ಲಕ್ಷ ರೂಪಾಯಿ.

ರೊಟ್ಟಿಗಿಷ್ಟು ಎಂದು ಕೂಲಿ ಕೊಟ್ಟು ಕೈಯಲ್ಲೇ ತಟ್ಟಿಸಿದರೆ ಹಿಟ್ಟು, ಕೂಲಿ ಸೇರಿ ಬದಲಾಗುವ ವೆಚ್ಚ 3.5 ಲಕ್ಷ, ಸ್ಥಿರ ವೆಚ್ಚ 50 ಸಾವಿರ. ಯಂತ್ರ ತಂದರೆ ಬದಲಾಗುವ ವೆಚ್ಚ 2.5 ಲಕ್ಷಕ್ಕೆ ಇಳಿಯುತ್ತದೆ. ಬಾಡಿಗೆ, ಸಂಬಳ, ಸವಕಳಿ ಸೇರಿ ಸ್ಥಿರ ವೆಚ್ಚ 1.5 ಲಕ್ಷಕ್ಕೆ ಏರುತ್ತದೆ. ಎರಡರಲ್ಲೂ ಲಾಭ 1 ಲಕ್ಷವೇ.

ಮಾರಾಟ ಶೇ 20ರಷ್ಟು ಕುಸಿಯಲಿ. ಕೈರೊಟ್ಟಿಯ ಲಾಭ 70 ಸಾವಿರಕ್ಕೆ ಇಳಿದರೆ, ಯಂತ್ರದ್ದು 50 ಸಾವಿರಕ್ಕೆ ಇಳಿಯುತ್ತದೆ. ರೊಟ್ಟಿ ಬೇಯದ ದಿನವೂ ಬಾಡಿಗೆ ಓಡುತ್ತಲೇ ಇರುತ್ತದಲ್ಲ! ಸ್ಥಿರ ವೆಚ್ಚ ಹೆಚ್ಚಿದ್ದಷ್ಟೂ ಲಾಭ ಹೀಗೆ ಹೆಚ್ಚು ಅಲುಗಾಡುವುದೇ ಕಾರ್ಯಾಚರಣೆಯ ಲಿವರೇಜ್.

ಹಣಕಾಸಿನ ಲಿವರೇಜ್, ಅಂದರೆ ಸಾಲದ ಬಡ್ಡಿಯಿಂದ ಬರುವ ಅಲುಗಾಟ, ಲಾಭದ ಲೆಕ್ಕದಲ್ಲಿ ಇದರ ಕೆಳಗಿನ ಸಾಲಿನಲ್ಲಿ ಕೂರುತ್ತದೆ. ಯಂತ್ರಕ್ಕೆ ಸಾಲ ಮಾಡಿ ತಿಂಗಳಿಗೆ 50 ಸಾವಿರ ಬಡ್ಡಿ ಕಟ್ಟುವುದಾದರೆ, ಅದೇ ಶೇ 20ರ ಕುಸಿತದಲ್ಲಿ ತೆರಿಗೆಗೆ ಮುಂಚಿನ ಲಾಭ 50 ಸಾವಿರದಿಂದ ಸೊನ್ನೆಗೆ ಬರುತ್ತದೆ. ಮಾರಾಟ ಅಷ್ಟೇ ಏರಿದರೆ ಲಾಭ ದುಪ್ಪಟ್ಟು, 1 ಲಕ್ಷ. ಮಾರಾಟದ ಶೇಕಡಾವಾರು ಏರಿಳಿತ ಲಾಭಕ್ಕೆ ಬರುವಾಗ ಯಂತ್ರದಿಂದ ಎರಡೂವರೆ ಪಟ್ಟಾಗುತ್ತದೆ, ಬಡ್ಡಿಯಿಂದ ಅದು ಮತ್ತೆ ಎರಡು ಪಟ್ಟು; ಗುಣಿಸಿದರೆ ಐದು ಪಟ್ಟು. ಈ ಪಟ್ಟು 5 ಲಕ್ಷದ ಮಾರಾಟಕ್ಕೆ ಮಾತ್ರ ಸರಿ. ಮಾರಾಟ ಬೆಳೆದಂತೆ ತಗ್ಗುತ್ತದೆ.

ಸಾಲವನ್ನು ಅವಧಿಗೆ ಮುಂಚೆ ತೀರಿಸಬಹುದು, ಕೊಂಡ ಯಂತ್ರವನ್ನು ನಷ್ಟವಿಲ್ಲದೆ ಮಾರುವುದು ಕಷ್ಟ. ಕಂತಿನ ಅಸಲು ಲಾಭದ ಲೆಕ್ಕದಲ್ಲಿ ಕಾಣುವುದಿಲ್ಲ, ಆದರೆ ಕೈಯಿಂದ ಹೋಗುತ್ತದೆ. ಬೇಡಿಕೆ ಮದುವೆ ಸೀಸನ್ನನ್ನೇ ನೆಚ್ಚಿಕೊಂಡಿದ್ದರೆ ಎರಡನ್ನೂ ಒಟ್ಟಿಗೆ ಹೊರಬೇಡಿ: ಯಂತ್ರವನ್ನು ಸ್ವಂತ ಹಣದಲ್ಲೇ ಕೊಳ್ಳಿ, ಇಲ್ಲವೇ ಕೈರೊಟ್ಟಿಯಲ್ಲೇ ಇರಿ.