ಸೀರಿಯಲ್ ಆ್ಯಡರ್ ಕಟ್ಟಲು 7495 ಕೊಳ್ಳಬೇಕೋ, 74194 ಕೊಳ್ಳಬೇಕೋ

ಒಂದೇ ಒಂದು ಫುಲ್ ಆ್ಯಡರ್, ಕ್ಯಾರಿಯನ್ನು ಹಿಡಿದಿಡಲು ಒಂದು ಫ್ಲಿಪ್-ಫ್ಲಾಪ್ ಮತ್ತು ಎರಡು ಶಿಫ್ಟ್ ರಿಜಿಸ್ಟರ್‌ಗಳಿಂದ ನಾಲ್ಕು ಬಿಟ್‌ಗಳ ಸೀರಿಯಲ್ ಆ್ಯಡರನ್ನು ಬ್ರೆಡ್‌ಬೋರ್ಡಿನ ಮೇಲೆ ಕಟ್ಟುವವರಿಗೆ ನಾನು ಮೊದಲೇ ಹೇಳಿಬಿಡುವ ಮಾತೆಂದರೆ, ಶಿಫ್ಟ್ ರಿಜಿಸ್ಟರ್ ಹೊಸದಾಗಿ ಕೊಳ್ಳುವುದಾದರೆ 74194 ಅನ್ನೇ ಕೊಳ್ಳಿರಿ. ನಾನು ಮೊದಲು ಕಟ್ಟಿದ್ದು 7495ರಿಂದ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಡಿಜಿಟಲ್ ಲ್ಯಾಬ್‌ಗಳಲ್ಲಿ ಕೈಗೆ ಸಿಗುವುದು ಹೆಚ್ಚಾಗಿ ಅದೇ ಆದ್ದರಿಂದ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಕೇಳಿದ್ದೂ ಅದನ್ನೇ. ಆ ಖರೀದಿಯಿಂದ ಬಂದ ಒಂದು ತೊಡಕನ್ನು ವಿವರಿಸುವುದಕ್ಕೆಂದೇ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ.

ಎರಡು ಜೋಡಣೆಗಳಲ್ಲೂ ಮೂಲ ನಕ್ಷೆ ಒಂದೇ. A ಮತ್ತು B ರಿಜಿಸ್ಟರ್‌ಗಳ ಬಲತುದಿಯ ಬಿಟ್‌ಗಳು, ಅಂದರೆ ಎರಡು ಚಿಪ್‌ಗಳಲ್ಲೂ QD ಕಾಲಿನಲ್ಲಿ ಸಿಗುವ ಬಿಟ್‌ಗಳು, ಫುಲ್ ಆ್ಯಡರ್‌ಗೆ ಹೋಗುತ್ತವೆ. ಅದರ ಮೂರನೆಯ ಇನ್‌ಪುಟ್ 7474ರ ಒಂದು D ಫ್ಲಿಪ್-ಫ್ಲಾಪಿನ Q. ಫುಲ್ ಆ್ಯಡರಿನ ಮೊತ್ತ A ರಿಜಿಸ್ಟರಿನ ಸೀರಿಯಲ್ ಇನ್‌ಪುಟ್‌ಗೆ ಮರಳುತ್ತದೆ, ಕ್ಯಾರಿ ಆ ಫ್ಲಿಪ್-ಫ್ಲಾಪಿನ D ಕಾಲಿಗೆ ಹೋಗುತ್ತದೆ. B ರಿಜಿಸ್ಟರಿನ ಸೀರಿಯಲ್ ಇನ್‌ಪುಟ್ಟನ್ನು ನೆಲಕ್ಕೆ ಕಟ್ಟಿದ್ದೇನೆ. ಫುಲ್ ಆ್ಯಡರನ್ನು 7486, 7408 ಮತ್ತು 7432 ಗೇಟ್‌ಗಳಿಂದ ಮಾಡಿದ್ದು, ಅದಕ್ಕೆ ಕ್ಲಾಕ್ ಬೇಕಿಲ್ಲ. ಎದುರಿಗಿರುವ ಮೂರು ಬಿಟ್‌ಗಳಿಗೆ ಉತ್ತರವನ್ನು ಅದು ಸದಾ ಸಿದ್ಧವಾಗಿಟ್ಟುಕೊಂಡಿರುತ್ತದೆ, ಕ್ಲಾಕ್ ಬಂದಾಗ ಆ ಉತ್ತರ ದಾಖಲಾಗುತ್ತದೆ ಅಷ್ಟೆ.

11ಕ್ಕೆ 6 ಅನ್ನು ಕೂಡಿಸುವಾಗ ಪ್ರತಿ ಕ್ಲಾಕಿನ ನಂತರ ಕಾಣಬೇಕಾದ ಸ್ಥಿತಿ ಹೀಗಿದೆ. C ಎಂಬುದು ಫ್ಲಿಪ್-ಫ್ಲಾಪಿನಲ್ಲಿರುವ ಕ್ಯಾರಿ. S ಎಂಬುದು ಆ ಕ್ಷಣದಲ್ಲಿ ಫುಲ್ ಆ್ಯಡರ್ ತೋರಿಸುತ್ತಿರುವ, ಇನ್ನೂ ದಾಖಲಾಗದ ಮೊತ್ತ.

```
ಕ್ಲಾಕ್  A     B     C  S
0     1011  0110  0  1
1     1101  0011  0  0
2     0110  0001  1  0
3     0011  0000  1  0
4     0001  0000  1  0
```

ಎರಡನೆಯ ಕ್ಲಾಕನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅದು ಬರುವ ಮೊದಲು ಎರಡು ರಿಜಿಸ್ಟರ್‌ಗಳ ತುದಿಯಲ್ಲೂ 1 ಇದೆ, C ಸೊನ್ನೆಯಾಗಿದೆ. ಆದ್ದರಿಂದ ಮೊತ್ತ 0, ಕ್ಯಾರಿ 1. ಕ್ಲಾಕಿನ ಅಂಚು ಬಂದಾಗ ಮೂರು ಕೆಲಸಗಳು ಒಟ್ಟಿಗೇ ನಡೆಯಬೇಕು: A ಬಲಕ್ಕೆ ಸರಿದು ತನ್ನ ಎಡತುದಿಗೆ ಆ 0 ಅನ್ನು ತೆಗೆದುಕೊಳ್ಳಬೇಕು, B ಬಲಕ್ಕೆ ಸರಿಯಬೇಕು, C ಒಂದಾಗಬೇಕು. ಮೂರೂ ಹಳೆಯ ಸ್ಥಿತಿಯನ್ನೇ ನೋಡಿ ಬದಲಾಗಬೇಕೇ ಹೊರತು, ಒಂದು ಬದಲಾದದ್ದನ್ನು ನೋಡಿ ಇನ್ನೊಂದು ಬದಲಾಗುವಂತಿಲ್ಲ. ನಾಲ್ಕನೆಯ ಕ್ಲಾಕಿನ ನಂತರ A ಯಲ್ಲಿ 0001, C ಯಲ್ಲಿ 1, ಎರಡನ್ನೂ ಸೇರಿಸಿ ಓದಿದರೆ 17. ಅಲ್ಲಿಗೆ ಕ್ಲಾಕನ್ನು ನಿಲ್ಲಿಸದೆ ಐದನೆಯದನ್ನು ಕೊಟ್ಟರೆ A ಇನ್ನೊಮ್ಮೆ ಸರಿದು 0000 ಆಗಿ, ಉತ್ತರ 16 ಎಂದು ಕಾಣುತ್ತದೆ.

7495ರ ತೊಡಕು ಹುಟ್ಟುವುದು 'ಒಟ್ಟಿಗೇ' ಎಂಬ ಆ ನಿಯಮದಲ್ಲಿಯೇ. 7495 ಸರಿಯುವುದು ಕ್ಲಾಕ್ ಮೇಲಿನಿಂದ ಕೆಳಕ್ಕೆ ಇಳಿಯುವಾಗ. 7474 ಬದಲಾಗುವುದು ಕ್ಲಾಕ್ ಕೆಳಗಿನಿಂದ ಮೇಲಕ್ಕೆ ಏರುವಾಗ. ಎರಡಕ್ಕೂ ಒಂದೇ ತಂತಿಯಿಂದ ಕ್ಲಾಕ್ ಕೊಟ್ಟರೆ, ಗುಂಡಿ ಒತ್ತಿದಾಗ ಕ್ಯಾರಿ ಮಾತ್ರ ಬದಲಾಗುತ್ತದೆ, ಬಿಟ್ಟಾಗ ರಿಜಿಸ್ಟರ್‌ಗಳು ಸರಿಯುತ್ತವೆ. ಈ ನಡುವಿನ ಹೊತ್ತಿನಲ್ಲಿ ಫುಲ್ ಆ್ಯಡರ್ ಹೊಸ ಕ್ಯಾರಿಯನ್ನು ಅದೇ ಹಳೆಯ ಬಿಟ್‌ಗಳೊಂದಿಗೆ ಮತ್ತೆ ಕೂಡಿಸಿ, ತಪ್ಪು ಮೊತ್ತವನ್ನು A ಯ ಬಾಗಿಲಿನಲ್ಲಿ ನಿಲ್ಲಿಸಿರುತ್ತದೆ. ಮೇಲಿನ ಲೆಕ್ಕದಲ್ಲಿ ಎರಡನೆಯ ಬಿಟ್ 0 ಬರುವ ಬದಲು 1 ಬಂದು, ಉತ್ತರ 17ರ ಬದಲಿಗೆ 19 ಆಗುತ್ತದೆ.

ಈ ದೋಷ ಬೇಗ ಕೈಗೆ ಸಿಗುವುದಿಲ್ಲ. ಒಂದು ಸ್ಥಾನಕ್ಕೆ ಒಳಬರುವ ಕ್ಯಾರಿಯೂ ಅಲ್ಲಿಂದ ಹೊರಹೋಗುವ ಕ್ಯಾರಿಯೂ ಒಂದೇ ಆಗಿದ್ದರೆ ಆ ಸ್ಥಾನದ ಮೊತ್ತ ಸರಿಯಾಗಿಯೇ ಬರುತ್ತದೆ. ಅವೆರಡು ಬೇರೆಯಾದ ಸ್ಥಾನದಲ್ಲಿ ಮಾತ್ರ ಬಿಟ್ ತಿರುಗಿಬೀಳುತ್ತದೆ. ಆದ್ದರಿಂದ ಕ್ಯಾರಿಯೇ ಇಲ್ಲದ 5+2, 8+4 ಮುಂತಾದವುಗಳಿಂದ ಪರೀಕ್ಷಿಸಿದವರಿಗೆ ಸರ್ಕ್ಯೂಟ್ ನಿರ್ದೋಷಿಯಾಗಿ ಕಾಣುತ್ತದೆ. 3+1 ಕೊಟ್ಟರೆ ಉತ್ತರ 1 ಎಂದು ಬರುತ್ತದೆ. ವಿಶ್ರಾಂತಿಯಲ್ಲಿ ಕ್ಲಾಕ್ ಮೇಲೆಯೇ ಇದ್ದು, ಒತ್ತಿದಾಗ ಕೆಳಗಿಳಿಯುವ ಗುಂಡಿಯಾದರೆ ರಿಜಿಸ್ಟರ್‌ಗಳು ಮೊದಲು ಸರಿದು, ಆಮೇಲೆ 7474 ಮುಂದಿನ ಸ್ಥಾನದ ಕ್ಯಾರಿಯನ್ನು ಹಿಡಿಯುತ್ತದೆ. ಆಗ ಅದೇ 3+1ಕ್ಕೆ ಉತ್ತರ 2. ತಂತಿ ಸಡಿಲವಾಗಿದೆ, ಗೇಟ್ ಸುಟ್ಟಿದೆ ಎಂದು ಎಲ್ಲವನ್ನೂ ಕಿತ್ತು ಮತ್ತೆ ಜೋಡಿಸುವುದು ಈ ಹಂತದಲ್ಲಿಯೇ.

ಪತ್ತೆಹಚ್ಚುವ ಸುಲಭದ ದಾರಿಯೊಂದಿದೆ. ಕ್ಯಾರಿಯ Q ಗೆ ಒಂದು ಎಲ್‌ಇಡಿ, A ಯ ನಾಲ್ಕು ಬಿಟ್‌ಗಳಿಗೆ ನಾಲ್ಕು ಎಲ್‌ಇಡಿ ಹಾಕಿ, 3 ಮತ್ತು 1 ಅನ್ನು ತುಂಬಿ, ಕ್ಲಾಕಿನ ಗುಂಡಿಯನ್ನು ಒತ್ತಿ ಹಾಗೆಯೇ ಹಿಡಿದುಕೊಳ್ಳಬೇಕು. ಒತ್ತಿದ ಕೂಡಲೇ ಕ್ಯಾರಿಯ ದೀಪ ಹೊತ್ತಿ, A ಯ ದೀಪಗಳು ಬೆರಳು ತೆಗೆದ ಮೇಲೆ ಕದಲಿದರೆ ಬೇರೆ ಪುರಾವೆ ಬೇಡ. ಗುಂಡಿಗೆ 7400ರ ಎರಡು ಗೇಟ್‌ಗಳ ಲ್ಯಾಚ್ ಇಲ್ಲದಿದ್ದರೆ ಈ ಪರೀಕ್ಷೆಯನ್ನು ನಂಬಬೇಡಿರಿ. ಗುಂಡಿಯ ಲೋಹ ಅದುರಿ ಒಂದು ಒತ್ತಿಗೆ ಹಲವು ಕ್ಲಾಕ್‌ಗಳು ಹೋಗುತ್ತವೆ.

7495 ಈಗಾಗಲೇ ಡಬ್ಬಿಯಲ್ಲಿದ್ದರೆ ಎಸೆಯಬೇಕಾಗಿಲ್ಲ. 7404ರ ಒಂದು ಇನ್ವರ್ಟರ್ ಮೂಲಕ 7474ಕ್ಕೆ ಕ್ಲಾಕ್ ಕೊಟ್ಟರೆ ಇಳಿಯುವ ಅಂಚು ಅದಕ್ಕೆ ಏರುವ ಅಂಚಾಗಿ ತಲುಪುತ್ತದೆ. ಇನ್ವರ್ಟರ್‌ನಿಂದಾಗಿ 7474 ಸುಮಾರು 10 ನ್ಯಾನೊಸೆಕೆಂಡ್ ತಡವಾಗಿ ಬದಲಾದರೂ, ಸರಿದ ಹೊಸ ಬಿಟ್ ರಿಜಿಸ್ಟರಿನಿಂದ ಹೊರಬಂದು ಫುಲ್ ಆ್ಯಡರನ್ನು ದಾಟಿ D ಗೆ ತಲುಪಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದರಿಂದ ಹಳೆಯ ಕ್ಯಾರಿಯೇ ದಾಖಲಾಗುತ್ತದೆ. ಆದರೆ ಕ್ಲಾಕಿನ ದಾರಿಯಲ್ಲಿ ಇನ್ನೂ ಒಂದೆರಡು ಗೇಟ್‌ಗಳನ್ನು ಸೇರಿಸಿದರೆ ಆ ಅಂತರ ಕರಗಿಹೋಗುತ್ತದೆ. ಇನ್ನೊಂದು ದಾರಿ, 7474 ಬಿಟ್ಟು ಇಳಿಯುವ ಅಂಚಿಗೇ ಬದಲಾಗುವ 7476ರ JK ಫ್ಲಿಪ್-ಫ್ಲಾಪ್ ಬಳಸುವುದು: ಎರಡು ಬಿಟ್‌ಗಳ ಆ್ಯಂಡ್ J ಗೆ, ಅವುಗಳ ನಾರ್ K ಗೆ. ಎರಡೂ 1 ಆದರೆ ಕ್ಯಾರಿ ಹುಟ್ಟುತ್ತದೆ, ಎರಡೂ 0 ಆದರೆ ಅಳಿಯುತ್ತದೆ, ಬೇರೆಬೇರೆಯಾದರೆ ಇದ್ದದ್ದು ಉಳಿಯುತ್ತದೆ. ನನಗೆ ಇದು ಇನ್ವರ್ಟರ್‌ಗಿಂತ ಹೆಚ್ಚು ಹಿಡಿಸಿತು. ಆದರೆ 7476ಕ್ಕೆ ವಿದ್ಯುತ್ ಕೊಡಬೇಕಾದದ್ದು 5ನೆಯ ಕಾಲಿಗೆ, ನೆಲ 13ನೆಯ ಕಾಲಿಗೆ. ಮೂಲೆಯ ಕಾಲುಗಳಿಗೆ ಕೊಟ್ಟು ರೂಢಿಯಾದ ಕೈ ಅಲ್ಲಿ ಎಡವುತ್ತದೆ.

7495ರ ಇನ್ನೊಂದು ಗುಣ, ಸಂಖ್ಯೆ ತುಂಬಲು ಮತ್ತು ಸರಿಸಲು ಬೇರೆಬೇರೆ ಕ್ಲಾಕ್ ಕಾಲುಗಳಿರುವುದು. ಕ್ರಮವನ್ನು ಬದಲಿಸುವ ಮೋಡ್ ಕಾಲನ್ನು ಎರಡೂ ಕ್ಲಾಕ್‌ಗಳು ಕೆಳಗಿರುವಾಗಲೇ ತಿರುಗಿಸಬೇಕು, ಇಲ್ಲದಿದ್ದರೆ ಆ ತಿರುವೇ ಒಂದು ಕ್ಲಾಕ್ ಆಗಿ ರಿಜಿಸ್ಟರ್ ಸರಿಯಬಹುದು.

74194ರಲ್ಲಿ ಅಂಚಿನ ಜಗಳವೇ ಇಲ್ಲ. ಅದೂ 7474ರಂತೆ ಏರುವ ಅಂಚಿಗೇ ಬದಲಾಗುತ್ತದೆ. ಒಂದೇ ತಂತಿ ಮೂರಕ್ಕೂ ಹೋದರೆ ಸಾಕು, 3+1 ಮರುಮಾತಿಲ್ಲದೆ 4 ಆಗುತ್ತದೆ. S1, S0 ಎರಡೂ 1 ಆದರೆ ತುಂಬುತ್ತದೆ, S0 ಮಾತ್ರ 1 ಆದರೆ ಬಲಕ್ಕೆ ಸರಿಯುತ್ತದೆ, ಎರಡೂ 0 ಆದರೆ ಇದ್ದಲ್ಲೇ ನಿಲ್ಲುತ್ತದೆ.

ಆದರೂ ಇದರಲ್ಲಿ ಎರಡು ಎಚ್ಚರಿಕೆಗಳಿವೆ. ಸಂಖ್ಯೆಯನ್ನು ತುಂಬುವುದಕ್ಕೂ ಅದೇ ಕ್ಲಾಕ್ ಬೇಕಾದ್ದರಿಂದ, ಆ ಅಂಚಿನಲ್ಲಿ 7474 ಸುಮ್ಮನಿರದೆ ಹಿಂದಿನ ಲೆಕ್ಕದ ಬಿಟ್‌ಗಳಿಂದ ಕ್ಯಾರಿಯನ್ನು ಹಿಡಿದಿಟ್ಟುಕೊಳ್ಳಬಹುದು. ಹಾಗಾದರೆ 2+2 ಎಂಬುದು 5 ಆಗುತ್ತದೆ. ನಾನು S1 ಅನ್ನು ಇನ್ವರ್ಟರ್ ಮೂಲಕ 7474ರ CLR ಕಾಲಿಗೆ ಕೊಟ್ಟಿದ್ದೇನೆ: ತುಂಬುವಷ್ಟು ಹೊತ್ತೂ ಕ್ಯಾರಿ ಸೊನ್ನೆಯಲ್ಲಿ ಬಂಧಿಯಾಗಿರುತ್ತದೆ, ಸರಿಯುವ ಸ್ಥಿತಿಗೆ ಬಂದೊಡನೆ ಬಿಡುಗಡೆಯಾಗುತ್ತದೆ. ಎರಡನೆಯದು, ನಾಲ್ಕು ಕ್ಲಾಕ್‌ಗಳ ನಂತರ S0 ಅನ್ನು 0 ಮಾಡಿ ಕ್ಲಾಕನ್ನು ಓಡಲು ಬಿಟ್ಟರೆ ರಿಜಿಸ್ಟರ್‌ಗಳು ನಿಲ್ಲುತ್ತವೆ, 7474 ನಿಲ್ಲುವುದಿಲ್ಲ. 8+8 ಕೂಡಿಸಿದಾಗ A ಯಲ್ಲಿ 0000, C ಯಲ್ಲಿ 1 ಬಂದು, ಮುಂದಿನ ಅಂಚಿನಲ್ಲಿ ತುದಿಯ ಬಿಟ್‌ಗಳೆರಡೂ 0 ಇರುವುದರಿಂದ C ಸಹ 0 ಆಗಿ, 16 ಎಂಬ ಉತ್ತರ ಮಾಯವಾಗುತ್ತದೆ. ಹಾಗಾಗಿ ನಿಲ್ಲಿಸಬೇಕಾದದ್ದು ಕ್ಲಾಕನ್ನೇ.

ಇಷ್ಟೆಲ್ಲಾ ಏಕೆ, 7483 ಒಂದೇ ಚಿಪ್ ನಾಲ್ಕು ಬಿಟ್‌ಗಳನ್ನು ಕ್ಲಾಕಿಲ್ಲದೆ ಕೂಡಿಸುತ್ತದಲ್ಲ ಎಂದು ಕೇಳುವವರಿಗೆ ನನ್ನ ತಕರಾರಿಲ್ಲ. ಉತ್ತರ ಮಾತ್ರ ಬೇಕಾದವರು ಅದನ್ನೇ ಕೊಳ್ಳಲಿ. ಸೀರಿಯಲ್ ದಾರಿಯ ಲಾಭ ಕಾಣುವುದು ಬಿಟ್‌ಗಳು ಹೆಚ್ಚಾದಾಗ: ಫುಲ್ ಆ್ಯಡರ್ ಒಂದೇ ಉಳಿಯುತ್ತದೆ, ಕ್ಲಾಕ್‌ಗಳು ಹೆಚ್ಚುತ್ತವೆ. 1966ರಲ್ಲಿ ಬಂದ PDP-8/S ಕಂಪ್ಯೂಟರ್ ತನ್ನ ಹಿಂದಿನ PDP-8ಕ್ಕಿಂತ ಅಗ್ಗವಾಗಿಯೂ ಬಹಳ ನಿಧಾನವಾಗಿಯೂ ಇದ್ದದ್ದು ಬಿಟ್‌ಗಳನ್ನು ಹೀಗೆ ಒಂದೊಂದಾಗಿ ಕೂಡಿಸುತ್ತಿದ್ದುದರಿಂದಲೇ.

ನನ್ನ ಆಯ್ಕೆಗೆ ನನ್ನ ಅಭ್ಯಾಸವೂ ಕಾರಣ. ಗುಂಡಿ ಒತ್ತುತ್ತಾ ಒಂದೊಂದು ಹೆಜ್ಜೆಯನ್ನೂ ದೀಪಗಳಲ್ಲಿ ಓದುವವನು ನಾನು. ಒತ್ತಿದಾಗಲೇ ಎಲ್ಲವೂ ಬದಲಾಗಿ, ಬಿಟ್ಟಾಗ ಏನೂ ಆಗದಿರುವುದು ನನಗೆ ಅಗತ್ಯ. 7495ರ ಬೆಲೆಯಲ್ಲಿ ಉಳಿಯುವ ಚಿಲ್ಲರೆ ಇನ್ವರ್ಟರಿಗೆ ಖರ್ಚಾಗುತ್ತದೆ, ಮೇಲೆ ತಂತಿಗಳೂ ಹೆಚ್ಚುತ್ತವೆ. ಲ್ಯಾಬಿನಲ್ಲಿ 7495 ಮತ್ತು 7476 ಪುಕ್ಕಟೆಯಾಗಿ ಸಿಗುವವರು ಆ ಜೋಡಿಯನ್ನೇ ಬಳಸಲಿ, ಅವೆರಡರ ಅಂಚುಗಳು ಹೊಂದುತ್ತವೆ. 7495 ಮತ್ತು 7474 ಜೋಡಿಯನ್ನು ಮಾತ್ರ, ಕೈಯಲ್ಲಿ 7404 ಇಲ್ಲದಿದ್ದರೆ, ಬೋರ್ಡಿನ ಮೇಲೆ ಇಡಲೇಬೇಡಿರಿ.